ಶೇ. 5ರಲ್ಲಿ ನಿಂತುಹೋದ ಸೇತುವೆ: ಮುಖ್ಯ ಎಂಜಿನಿಯರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯ ಎಂಜಿನಿಯರ್ ಅವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಹೊಸನಗರ ತಾಲ್ಲೂಕಿನ ನಮ್ಮ ಊರಿನ ಹಳ್ಳದಲ್ಲಿ ಎರಡು ಕಂಬಗಳು ನಿಂತಿವೆ. ಅವುಗಳ ತಲೆಯ ಮೇಲೆ ಕಬ್ಬಿಣದ ಸರಳುಗಳು ಬಿಚ್ಚಿದ ಕೊಡೆಯ ಕಡ್ಡಿಗಳಂತೆ ಹೊರಚಾಚಿವೆ. ಮಳೆ ಬಿದ್ದಾಗಲೆಲ್ಲ ಆ ಸರಳುಗಳಿಂದ ಇಳಿದ ತುಕ್ಕುನೀರು ಕಾಂಕ್ರೀಟಿನ ಮೇಲೆ ಕೆಂಪು ಗೆರೆ ಎಳೆದಿದೆ. ಆಚೆ ದಡದಲ್ಲಿ ಸೇತುವೆಯ ತುದಿಯನ್ನು ಹೊರಬೇಕಾದ ಅಬಟ್‌ಮೆಂಟ್ ಅರ್ಧಕ್ಕೆ ನಿಂತಿದೆ, ಈಚೆ ದಡದಲ್ಲಿ ಅದೂ ಇಲ್ಲ. ಪ್ರತಿ ವರ್ಷ ಮೇ ಕೊನೆಗೆ ಊರಿನವರು ಸೇರಿ ಅಡಿಕೆ ಮರದ ದಬ್ಬೆ ಮತ್ತು ಬೇಲಿಯ ಗೂಟಗಳಿಂದ ಆ ಎರಡು ಕಂಬಗಳ ನೆರಳಿನಲ್ಲೇ ಕಾಲುಸಂಕ ಕಟ್ಟುತ್ತೇವೆ. ಕೋಟಿಗಟ್ಟಲೆ ಖರ್ಚಾದ ಕಂಬಗಳಿಂದ ನಮಗೆ ಇದುವರೆಗೆ ಸಿಕ್ಕಿರುವ ಉಪಯೋಗವೆಂದರೆ ಸಂಕದ ಹಗ್ಗ ಕಟ್ಟಲು ಒಂದು ಆಧಾರ, ಅಷ್ಟೇ.

ನಾನು ಸಹಾಯಕ ಎಂಜಿನಿಯರ್ ಆಗಿ ನಿವೃತ್ತನಾದವನು. ಸೇವೆಯ ಬಹುಪಾಲು ಅಂದಾಜು ಪಟ್ಟಿ ಬರೆಯುವುದರಲ್ಲೇ ಕಳೆದಿದ್ದೇನೆ. ಆದ್ದರಿಂದ ಮಾಹಿತಿ ಹಕ್ಕಿನಡಿ ಈ ಸೇತುವೆಯ ಕಡತದ ಪ್ರತಿ ಕೈಗೆ ಬಂದಾಗ ಊರಿನವರು ನಿರೀಕ್ಷಿಸಿದಂತೆ ಯಾರು ದುಡ್ಡು ಹೊಡೆದರು ಎಂದು ಹುಡುಕಲು ನಾನು ಹೋಗಲಿಲ್ಲ. ಮೊದಲು ಸಾರಾಂಶದ ಪುಟ ತೆರೆದೆ. ಅಲ್ಲಿ ನನಗೆ ಚಿರಪರಿಚಿತವಾದ ಸಾಲು ಕಂಡಿತು: ‘ಬೆಲೆ ಏರಿಕೆಗೆ ಶೇ. 5’. ಇಂಥ ಸಾಲನ್ನು ನಾನೇ ನೂರಾರು ಬಾರಿ ಬರೆದಿದ್ದೇನೆ. ಏಕೆ ಐದು, ಯಾವ ವರ್ಷದಿಂದ ಯಾವ ವರ್ಷದವರೆಗೆ ಐದು ಎಂದು ಒಮ್ಮೆಯೂ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹಾಗಾಗಿ ಈ ದೂರಿನಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಂಡು ಮುಂದೆ ಬರೆಯುತ್ತೇನೆ. ಊರಿನ ಹೆಸರನ್ನಾಗಲಿ ತಮ್ಮ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಕಡತ ತಮ್ಮ ಮೇಜಿನ ಮೇಲೆಯೇ ಇರುವುದರಿಂದ ಯಾವ ಸೇತುವೆ ಎಂಬುದು ತಮಗೆ ತಿಳಿಯುತ್ತದೆ.

ಲೆಕ್ಕ ಸುಲಭವಾಗಲೆಂದು ಚಿಲ್ಲರೆಯನ್ನು ಬಿಟ್ಟು ಹೇಳುತ್ತೇನೆ. ಇಲಾಖೆಯ 2020-21ರ ದರಪಟ್ಟಿಯಂತೆ ಸೇತುವೆಯ ಅಂದಾಜು ಮೊತ್ತ 10 ಕೋಟಿ ರೂಪಾಯಿ. ಅದರ ಮೇಲೆ ಶೇ. 5, ಅಂದರೆ 50 ಲಕ್ಷ. ಒಟ್ಟು ಹತ್ತೂವರೆ ಕೋಟಿಗೆ ಆಡಳಿತಾತ್ಮಕ ಅನುಮೋದನೆ ಸಿಕ್ಕಿದೆ. ಅದೇ ಕಡತದ ಅನುದಾನ ಹಂಚಿಕೆಯ ಪುಟದಲ್ಲಿ 2021-22ಕ್ಕೆ 2 ಕೋಟಿ, 2022-23ಕ್ಕೆ 5 ಕೋಟಿ, 2023-24ಕ್ಕೆ 3 ಕೋಟಿ ಖರ್ಚು ಎಂದು ಇಲಾಖೆಯೇ ಬರೆದುಕೊಂಡಿದೆ. ಮಲೆನಾಡಿನ ಮಟ್ಟಿಗೆ ಇದು ಪ್ರಾಮಾಣಿಕ ಹಂಚಿಕೆ ಎಂದೇ ನನ್ನ ಅಭಿಪ್ರಾಯ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಳ್ಳಕ್ಕೆ ಇಳಿಯುವ ಮಾತೇ ಇಲ್ಲ. ನೀರೊಳಗಿನ ಕೆಲಸಕ್ಕೆ ವರ್ಷದಲ್ಲಿ ದಕ್ಕುವುದು ನವೆಂಬರ್‌ನಿಂದ ಮೇವರೆಗಿನ ಏಳು ತಿಂಗಳು. ಬಯಲುಸೀಮೆಯಲ್ಲಿ ಒಂದೂವರೆ ವರ್ಷದಲ್ಲಿ ಮುಗಿಯುವ ಸೇತುವೆಗೆ ಇಲ್ಲಿ ಮೂರು ಹಂಗಾಮು ಬೇಕು.

ಆದರೆ ಈ ಮೂರು ವರ್ಷಗಳ ಹಂಚಿಕೆಗೂ ಆ ಶೇ. 5ಕ್ಕೂ ಕಡತದಲ್ಲಿ ಪರಸ್ಪರ ಪರಿಚಯವೇ ಇಲ್ಲ. ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ. ಬೆಲೆ ಏರಿಕೆ ಒಟ್ಟು ಮೊತ್ತಕ್ಕೆ ಒಮ್ಮೆ ಸವರುವ ಬಣ್ಣವಲ್ಲ. ಪ್ರತಿಯೊಂದು ರೂಪಾಯಿಯೂ ದರಪಟ್ಟಿಯ ವರ್ಷದಿಂದ ಎಷ್ಟು ದೂರದಲ್ಲಿ ಖರ್ಚಾಗುತ್ತದೆಯೋ ಅಷ್ಟು ದೂರಕ್ಕೆ ಅದರ ಏರಿಕೆ ಹಿಡಿಯಬೇಕು. ವರ್ಷಕ್ಕೆ ಶೇ. 6ರಂತೆ ಮಿತವಾಗಿಯೇ ಏರುತ್ತದೆ ಎಂದುಕೊಳ್ಳೋಣ. ಮೊದಲ ವರ್ಷದ 2 ಕೋಟಿ ಒಂದು ವರ್ಷ ಏರಿ 2 ಕೋಟಿ 12 ಲಕ್ಷವಾಗುತ್ತದೆ. ಎರಡನೆಯ ವರ್ಷದ 5 ಕೋಟಿಗೆ ಎರಡು ವರ್ಷಗಳ ಏರಿಕೆ ಸೇರಿ 5 ಕೋಟಿ 62 ಲಕ್ಷ, ಮೂರನೆಯ ವರ್ಷದ 3 ಕೋಟಿಗೆ ಮೂರು ವರ್ಷಗಳದ್ದು ಸೇರಿ 3 ಕೋಟಿ 57 ಲಕ್ಷ. ಒಟ್ಟು 11 ಕೋಟಿ 31 ಲಕ್ಷ. ಇಟ್ಟದ್ದು 50 ಲಕ್ಷ, ಇಡಬೇಕಾಗಿದ್ದದ್ದು 1 ಕೋಟಿ 31 ಲಕ್ಷ. ಸೇತುವೆಯ ಕಡತಕ್ಕೆ ಸಹಿ ಬಿದ್ದ ದಿನವೇ 81 ಲಕ್ಷದ ಕೊರತೆಯೂ ಮಂಜೂರಾಯಿತು. ಈ ಲೆಕ್ಕಕ್ಕೆ ದೊಡ್ಡ ವಿದ್ಯೆ ಬೇಡ. ಮನೆ ಕಟ್ಟಲು ಹೊರಟ ನಮ್ಮೂರ ರೈತ ಈ ವರ್ಷ ತಳಪಾಯ, ಬರುವ ವರ್ಷ ಜಂಬಿಟ್ಟಿಗೆ, ಅದರಾಚೆಯ ವರ್ಷ ಹೆಂಚು ಎಂದು ಯೋಚಿಸುವಾಗ ಹೆಂಚಿಗೆ ಇವತ್ತಿನ ಬೆಲೆ ಹಿಡಿಯುವುದಿಲ್ಲ.

ಈ ಶೇ. 5 ನಮ್ಮ ಕಚೇರಿಗಳಲ್ಲಿ ಇಷ್ಟು ಕಾಲ ಬಾಳಿದ್ದಕ್ಕೂ ಕಾರಣವಿದೆ. ಸಗಟು ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2018-19ರಲ್ಲಿ 119.8 ಇತ್ತು, 2020-21ರಲ್ಲಿ 123.4. ಎರಡು ವರ್ಷಗಳಲ್ಲಿ ಏರಿದ್ದು ಬರೀ ಶೇ. 3. ಬೆಲೆಗಳು ಮಲಗಿದ್ದ ಕಾಲದಲ್ಲಿ ಐದು ಎಂದು ಬರೆದವನೇ ದೂರದೃಷ್ಟಿಯವನಂತೆ ಕಂಡ. ಆಮೇಲೆ ಅದೇ ಸೂಚ್ಯಂಕ 2021-22ರಲ್ಲಿ 139.4ಕ್ಕೂ 2022-23ರಲ್ಲಿ 152.5ಕ್ಕೂ ಏರಿ, 2023-24ರಲ್ಲಿ 151.4ರ ಬಳಿ ನಿಂತಿತು. ಸಿಮೆಂಟು, ಕಬ್ಬಿಣ, ಡಾಂಬರುಗಳ ಸೂಚ್ಯಂಕಗಳನ್ನು ಬೇರೆ ಬೇರೆಯಾಗಿ ತೂಗಿ ನೋಡುವುದೇ ಸೇತುವೆಗೆ ಸರಿಯಾದ ಕ್ರಮ. ಆದರೂ ಒರಟು ಅಳತೆಗೆ ಇದು ಸಾಕು. ಇಲಾಖೆಯದೇ ಹಂಚಿಕೆಗೆ ಈ ಸೂಚ್ಯಂಕದ ಏರಿಕೆಯನ್ನು ಅನ್ವಯಿಸಿದರೆ 2 ಕೋಟಿ 26 ಲಕ್ಷ, 6 ಕೋಟಿ 18 ಲಕ್ಷ, 3 ಕೋಟಿ 68 ಲಕ್ಷ, ಒಟ್ಟು 12 ಕೋಟಿ 12 ಲಕ್ಷ ಬರುತ್ತದೆ. ನಾನು ಮೇಲೆ ಮಾಡಿ ತೋರಿಸಿದ ಶೇ. 6ರ ಲೆಕ್ಕವೂ ಆ ಮೂರು ವರ್ಷಗಳಿಗೆ ಸಾಲುತ್ತಿರಲಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಆದರೆ 81 ಲಕ್ಷ ಕಡಿಮೆ ಬಿದ್ದವನು ಒಂದು ಪತ್ರ ಬರೆದು ಸರಿದೂಗಿಸಿಕೊಳ್ಳಬಹುದು. 1 ಕೋಟಿ 62 ಲಕ್ಷ ಕಡಿಮೆ ಬಿದ್ದವನು ಹೊಸ ಕಡತವನ್ನೇ ತೆರೆಯಬೇಕಾಗುತ್ತದೆ. ನಮ್ಮ ಸೇತುವೆಗೆ ಆದದ್ದು ಎರಡನೆಯದು.

ಇನ್ನು ಗುತ್ತಿಗೆಯ ಅವಧಿಯ ವಿಷಯ. ಅನುದಾನದ ಪುಟದಲ್ಲಿ ಮೂರು ವರ್ಷ ಎಂದಿರುವ ಕೆಲಸಕ್ಕೆ ಟೆಂಡರಿನ ಪುಟದಲ್ಲಿ ‘ಮಳೆಗಾಲವೂ ಸೇರಿದಂತೆ 11 ತಿಂಗಳು’ ಎಂದಿದೆ. ಮುಂಗಾರಿನಲ್ಲಿ ನಮ್ಮ ಹಳ್ಳವನ್ನು ಒಮ್ಮೆ ನೋಡಿದ ಯಾವ ಎಂಜಿನಿಯರೂ ಈ 11 ತಿಂಗಳನ್ನು ನಂಬಿ ಬರೆದಿರಲಾರ. ಬರೆದದ್ದು ಏಕೆಂದು ತಮಗೂ ಗೊತ್ತು, ನನಗೂ ಗೊತ್ತು. ಎಷ್ಟೋ ಗುತ್ತಿಗೆ ಷರತ್ತುಗಳಲ್ಲಿ ಅವಧಿ 12 ತಿಂಗಳು ಮೀರಿದರೆ ಮಾತ್ರ, ಬೆಲೆಯ ಏರಿಳಿತಕ್ಕೆ ತಕ್ಕಂತೆ ಗುತ್ತಿಗೆದಾರನ ಬಿಲ್ಲನ್ನು ಹೊಂದಿಸುವ ದರ ಹೊಂದಾಣಿಕೆಯ ಕಲಮು ಜಾರಿಗೆ ಬರುತ್ತದೆ. 11 ಎಂದು ಬರೆದರೆ ಆ ತಲೆನೋವು ತಪ್ಪಿತು ಎಂದು ಭಾವಿಸುತ್ತೇವೆ. ವಾಸ್ತವದಲ್ಲಿ ಏರಿಕೆ ಎಲ್ಲಿಗೂ ಹೋಗಿರುವುದಿಲ್ಲ, ಅದನ್ನು ಹೊರುವವನು ಬದಲಾಗಿರುತ್ತಾನೆ. ಅನುಭವವಿರುವ ಗುತ್ತಿಗೆದಾರ ಅದನ್ನು ಮೊದಲೇ ಊಹಿಸಿ ತನ್ನ ದರಕ್ಕೆ ಸೇರಿಸುತ್ತಾನೆ ಮತ್ತು ಟೆಂಡರ್ ಕಳೆದುಕೊಳ್ಳುತ್ತಾನೆ. ಊಹಿಸದವನು ಟೆಂಡರ್ ಗೆಲ್ಲುತ್ತಾನೆ ಮತ್ತು ಅರ್ಧಕ್ಕೆ ಬಿಟ್ಟು ಹೋಗುತ್ತಾನೆ.

ನಮ್ಮಲ್ಲಿ ಬಂದವರು ಎರಡನೆಯವರು. ಅವರು ದರ ಹಾಕಿದ್ದು 2021ರ ಸೆಪ್ಟೆಂಬರ್‌ನಲ್ಲಿ, ಕಾರ್ಯಾದೇಶ ಕೈಗೆ ಬಂದದ್ದು 2022ರ ಫೆಬ್ರವರಿಯಲ್ಲಿ. ನವೆಂಬರ್‌ನಲ್ಲಿ ಶುರುವಾಗಬೇಕಿದ್ದ ಹಂಗಾಮಿನ ಮೊದಲ ಮೂರೂವರೆ ತಿಂಗಳು ಹೀಗೆ ಕಡತದಲ್ಲಿ ಕಳೆಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಕಬ್ಬಿಣದ ಸರಳಿನ ಬೆಲೆ ಟನ್ನಿಗೆ 70 ಸಾವಿರ ರೂಪಾಯಿ ದಾಟಿದ್ದು ನೆನಪಿರಬಹುದು. ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಉಕ್ಕಿನ ರಫ್ತಿಗೆ ಸುಂಕ ಹಾಕಿದ ಮೇಲೆ ಬೆಲೆ ಇಳಿಯಿತು. ಅಷ್ಟು ಹೊತ್ತಿಗೆ ಇವರು ಅಡಿಪಾಯಕ್ಕೆ ಬೇಕಾದ ಕಬ್ಬಿಣವನ್ನು ಏರಿದ ದರದಲ್ಲೇ ಕೊಂಡು ಮುಗಿಸಿದ್ದರು. ಮುಂದಿನ ಹಂಗಾಮಿನಲ್ಲಿ ಎರಡು ಕಂಬ ಎತ್ತಿದರು. 2023ರ ಮೇನಲ್ಲಿ ಮಿಕ್ಸರ್ ಯಂತ್ರವನ್ನು ಲಾರಿಗೆ ಏರಿಸುವಾಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಒಂದು ಲೋಟ ಮಜ್ಜಿಗೆ ಕುಡಿದು ಅವರು ಹೇಳಿದ್ದು ಇಷ್ಟು: ‘ಸಾರ್, ಕಬ್ಬಿಣವೇನೋ ಇಳಿಯಿತು, ಜಲ್ಲಿ, ಎಂ-ಸ್ಯಾಂಡ್, ಕೂಲಿ ಯಾವುದೂ ಇಳಿಯಲಿಲ್ಲ. ಇನ್ನೊಂದು ಹಂಗಾಮು ಇಲ್ಲಿದ್ದರೆ ನನ್ನ ತೋಟ ಮಾರಬೇಕಾಗುತ್ತದೆ.’ ಗುತ್ತಿಗೆದಾರರ ಮಾತನ್ನು ಪೂರ್ತಿ ನಂಬುವ ಕೆಲಸದಲ್ಲಿ ನಾನಿರಲಿಲ್ಲ. ಆದರೆ ಈ ಮಾತಿನಲ್ಲಿ ಸುಳ್ಳು ಕಾಣಲಿಲ್ಲ.

ದರ ಹೊಂದಾಣಿಕೆಯ ಕಲಮು ಇದ್ದಿದ್ದರೆ ಖಜಾನೆ ಮುಳುಗುತ್ತಿತ್ತೇ? ಹೆದ್ದಾರಿ ಗುತ್ತಿಗೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೂತ್ರವನ್ನೇ ನೋಡೋಣ. ಒಂದು ಚಾಲ್ತಿ ಬಿಲ್ಲು 1 ಕೋಟಿ ಎಂದಿಟ್ಟುಕೊಳ್ಳಿ. ಅದರಲ್ಲಿ ಕಬ್ಬಿಣದ ಪಾಲು ಶೇ. 25. ದರ ಹಾಕಿದ ದಿನದಿಂದ ಕಬ್ಬಿಣದ ಸೂಚ್ಯಂಕ ನೂರರಿಂದ ನೂರನಲವತ್ತಕ್ಕೆ ಏರಿದೆ. ಆಗ 25 ಲಕ್ಷದ ಶೇ. 40, ಅಂದರೆ 10 ಲಕ್ಷದ ಏರಿಕೆ. ಸೂತ್ರ ಅದರ ಶೇ. 85ನ್ನು ಮಾತ್ರ, ಎಂದರೆ ಎಂಟೂವರೆ ಲಕ್ಷವನ್ನು ಗುತ್ತಿಗೆದಾರನಿಗೆ ಕೊಡುತ್ತದೆ. ಉಳಿದದ್ದು ಅವನ ತಲೆಯ ಮೇಲೆ. ಸೂಚ್ಯಂಕ ಇಳಿದರೆ ಇದೇ ಲೆಕ್ಕದಲ್ಲಿ ಅವನ ಬಿಲ್ಲಿನಿಂದ ಕಡಿತವಾಗುತ್ತದೆ. ನಮ್ಮ ಕಚೇರಿಗಳಲ್ಲಿ ಈ ಎರಡನೆಯ ಅರ್ಧವನ್ನು ಯಾರೂ ಹೇಳುವುದೇ ಇಲ್ಲ. 2022ರ ಮೇ ನಂತರದ ಕಬ್ಬಿಣದ ಇಳಿಕೆಯ ಲಾಭ ಇಲಾಖೆಗೂ ಸಿಗುತ್ತಿತ್ತು.

ಈಗ ಪರಿಷ್ಕೃತ ಅಂದಾಜಿಗೆ ಬರುತ್ತೇನೆ, ಏಕೆಂದರೆ ಅದು ತಮ್ಮ ಸಹಿಗೆ ಕಾದಿದೆ. 2023-24ರ ದರದಲ್ಲಿ ತಯಾರಾದ ಆ ಅಂದಾಜು 14 ಕೋಟಿ 20 ಲಕ್ಷ. ಹೆಚ್ಚಳಕ್ಕೆ ಕಾರಣದ ಅಂಕಣದಲ್ಲಿ ಎರಡೇ ಪದಗಳಿವೆ: ‘ಬೆಲೆ ಏರಿಕೆ’. ಇದು ಮೊದಲ ತಪ್ಪಿಗಿಂತ ದೊಡ್ಡ ತಪ್ಪು. ಪೂರ್ತಿ 10 ಕೋಟಿಯನ್ನೂ 2023-24ರ ಸೂಚ್ಯಂಕಕ್ಕೆ ಏರಿಸಿದರೂ 12 ಕೋಟಿ 27 ಲಕ್ಷ ದಾಟುವುದಿಲ್ಲ. ಸರ್ಕಾರಿ ಕಾಮಗಾರಿಗಳ ಜಿಎಸ್‌ಟಿ 2022ರ ಜುಲೈ 18ರಿಂದ ಶೇ. 12ರಿಂದ 18ಕ್ಕೆ ಏರಿತು. ಅದು ತೆರಿಗೆಯ ಬದಲಾವಣೆಯೇ ಹೊರತು ಬೆಲೆ ಏರಿಕೆಯಲ್ಲ, ಸಗಟು ಸೂಚ್ಯಂಕದಲ್ಲಿ ಪರೋಕ್ಷ ತೆರಿಗೆ ಸೇರಿಯೂ ಇಲ್ಲ, ಆದ್ದರಿಂದ ಬೇರೆಯೇ ಸಾಲಿನಲ್ಲಿ ತೋರಿಸಬೇಕು. ಒಂದು ರೂಪಾಯಿಯೂ ಬಿಡದೆ ಎಲ್ಲ ಕೆಲಸಕ್ಕೂ ಹೊಸ ತೆರಿಗೆಯನ್ನೇ ಹಾಕಿದರೂ ಹೆಚ್ಚೆಂದರೆ 66 ಲಕ್ಷ. ಇವೆರಡನ್ನೂ ಕಳೆದ ಮೇಲೂ 1 ಕೋಟಿ 27 ಲಕ್ಷ ಉಳಿಯುತ್ತದೆ. ಅದರ ವಿವರ ಕಡತದಲ್ಲಿಲ್ಲ. ನಾನು ದಡದಲ್ಲಿ ನಿಂತು ಕಂಡಿದ್ದೇನೆ, ಆದ್ದರಿಂದ ಊಹಿಸಬಲ್ಲೆ: ಎರಡನೆಯ ಕಂಬಕ್ಕೆ ಗಟ್ಟಿ ಬಂಡೆ ಸಿಕ್ಕಿದ್ದು ನಕ್ಷೆಯಲ್ಲಿದ್ದುದಕ್ಕಿಂತ ಬಹಳ ಆಳದಲ್ಲಿ. ಆಚೆ ದಡದ ಕೂಡುರಸ್ತೆಯನ್ನು ಆಮೇಲೆ ಉದ್ದ ಮಾಡಿದರು. ತುಕ್ಕು ಹಿಡಿದ ಸರಳುಗಳನ್ನು ಉಜ್ಜಿ, ಸವೆದವನ್ನು ಕತ್ತರಿಸಿ ಬೇರೆ ಜೋಡಿಸುವ ಕೆಲಸವೂ ಈಗ ಸೇರಿರಬೇಕು. ಇವೆಲ್ಲ ನಿಜವಾದ ಖರ್ಚುಗಳೇ ಇರಬಹುದು. ಆದರೆ ಒಂದು ಪರಿಮಾಣದ ಹೆಚ್ಚಳ, ಇನ್ನೊಂದು ವ್ಯಾಪ್ತಿಯ ಹೆಚ್ಚಳ, ಮತ್ತೊಂದು ವಿಳಂಬದ ದಂಡ. ಎಲ್ಲಕ್ಕೂ ಬೆಲೆ ಏರಿಕೆ ಎಂಬ ಒಂದೇ ಕಂಬಳಿ ಹೊದಿಸಿದರೆ ಹಣಕಾಸಿನವರಿಗೆ ಅನುಮಾನ ಬರುವುದು ಸಹಜ. ‘ಅಂದಾಜಿನಲ್ಲಿರುವ ಶೇ. 5ರೊಳಗೇ ಏಕೆ ಸರಿದೂಗಿಸಬಾರದು?’ ಎಂಬ ಷರಾ ಬರೆದು ಕಡತವನ್ನು ಒಮ್ಮೆ ಹಿಂದಿರುಗಿಸಿದ್ದಾರೆ. ಅವರ ಪ್ರಶ್ನೆ ಸಿಟ್ಟು ತರಿಸಿದರೂ ತಪ್ಪೆನ್ನಲಾರೆ.

ದೊಡ್ಡ ಯೋಜನೆಗಳಲ್ಲಿ ಇಷ್ಟಾದರೂ ಶಿಸ್ತು ಕಾಣುತ್ತದೆ. ನಮ್ಮ ತುಂಗೆಯ ನೀರನ್ನು ಭದ್ರೆಗೆ ಎತ್ತಿ ಅಲ್ಲಿಂದ ಬಯಲುಸೀಮೆಗೆ ಒಯ್ಯುವ ಭದ್ರಾ ಮೇಲ್ದಂಡೆ ಯೋಜನೆಯ 21,473 ಕೋಟಿ ರೂಪಾಯಿಯ ಅಂದಾಜಿನ ಪಕ್ಕದಲ್ಲಿ ‘2018-19ರ ದರಮಟ್ಟ’ ಎಂದು ಬರೆದಿರುತ್ತದೆ. ಪತ್ರಿಕೆಗಳು ಆ ಎರಡು ಪದಗಳನ್ನು ಬಿಟ್ಟು ಮೊತ್ತವನ್ನಷ್ಟೇ ಅಚ್ಚು ಹಾಕುತ್ತವೆ, ಓದುಗರು ಅದನ್ನೇ ಮುಗಿಯುವಾಗಿನ ಖರ್ಚೆಂದು ತಿಳಿಯುತ್ತಾರೆ. ಆ ಮಾತು ಬೇರೆ. ನಮ್ಮ ಸೇತುವೆಯಂಥ ಸಣ್ಣ ಕಾಮಗಾರಿಯ ಮೊದಲ ಪುಟದಲ್ಲಿ ದರದ ವರ್ಷವೂ ಇರಲಿಲ್ಲ. ಅದನ್ನು ಹುಡುಕಲು ನಾನು ಕಡತದ ಹಿಂಭಾಗದ ದರ ವಿಶ್ಲೇಷಣೆಯವರೆಗೂ ಹೋಗಬೇಕಾಯಿತು.

ವಿಳಂಬದ ಬಗ್ಗೆ ಒಂದು ಲೆಕ್ಕವನ್ನು ತಮ್ಮ ಮುಂದಿಡಲೇಬೇಕು. ನನ್ನ ಶೇ. 6ರ ಪಟ್ಟಿಯನ್ನೇ ತೆಗೆದುಕೊಂಡು, ಬೇರೇನನ್ನೂ ಬದಲಿಸದೆ, ಕೆಲಸವನ್ನು ಒಂದು ವರ್ಷ ಮುಂದಕ್ಕೆ ಹಾಕಿ ನೋಡಿ. 11 ಕೋಟಿ 31 ಲಕ್ಷ ಇದ್ದದ್ದು 11 ಕೋಟಿ 99 ಲಕ್ಷವಾಗುತ್ತದೆ. ಒಂದು ಹಂಗಾಮು ತಪ್ಪಿದ್ದಕ್ಕೆ 68 ಲಕ್ಷ. ಮೂರು ವರ್ಷಗಳ ಏರಿಕೆಗೆಂದು ಇಟ್ಟಿದ್ದ ಪೂರ್ತಿ 50 ಲಕ್ಷಕ್ಕಿಂತ ಇದು ಹೆಚ್ಚು. ಮಲೆನಾಡಿನಲ್ಲಿ ಒಂದು ಹಂಗಾಮು ತಪ್ಪಲು ಒಂದು ವರ್ಷದ ವಿಳಂಬವೇ ಬೇಕಿಲ್ಲ. ಕಡತ ಡಿಸೆಂಬರ್ ಬದಲು ಮಾರ್ಚ್‌ನಲ್ಲಿ ಸಹಿಯಾದರೆ ಸಾಕು. ಮೂರು ತಿಂಗಳು ಮೇಜಿನ ಮೇಲೆ ಮಲಗಿದ ಕಡತ ಹಳ್ಳದಲ್ಲಿ ಒಂದು ವರ್ಷ ನುಂಗುತ್ತದೆ. ಈ ವ್ಯತ್ಯಾಸ ಬೆಂಗಳೂರಿನ ಕಚೇರಿಯಲ್ಲಿ ಕುಳಿತವರಿಗೆ ಹೊಳೆಯುವುದು ಕಷ್ಟ.

ಆದ್ದರಿಂದ ನನ್ನ ಕೋರಿಕೆಗಳು. ಮೊದಲನೆಯದು, ಪರಿಷ್ಕೃತ ಅಂದಾಜನ್ನು ಈಗಿರುವಂತೆ ಕಳುಹಿಸಬೇಡಿ. ಹೆಚ್ಚಳವನ್ನು ದರ, ತೆರಿಗೆ, ಪರಿಮಾಣ, ಹೊಸ ಕೆಲಸ ಎಂದು ಬಿಡಿಸಿ, ಪ್ರತಿಯೊಂದರ ಮುಂದೆ ಮೊತ್ತ ಬರೆಸಿ. ಒಂದು ವಾರದ ಕೆಲಸ. ಹೀಗೆ ಬಿಡಿಸಿದ ಕಡತ ಹಿಂದಿರುಗಿ ಬರುವ ಸಂಭವ ಕಡಿಮೆ ಎಂದು ನನ್ನ ಅನುಭವದಿಂದ ಹೇಳುತ್ತೇನೆ. ಉಳಿದ ಕೆಲಸಕ್ಕೆ ಮುಂದಿನ ಹಂಗಾಮುಗಳ ಖರ್ಚನ್ನು ಬೇರೆ ಬೇರೆಯಾಗಿ ತೋರಿಸಿ, ಅವುಗಳ ಏರಿಕೆಯನ್ನು ಅವುಗಳ ದೂರಕ್ಕೆ ತಕ್ಕಂತೆ ಹಿಡಿಯಲಿ. 2023-24ರ ದರದ ಅಂದಾಜನ್ನು ಅದೇ ದರದಲ್ಲಿ ಮಂಜೂರು ಮಾಡಿದರೆ ಮೂರನೆಯ ಕಡತಕ್ಕೆ ಇಂದೇ ಕವರು ಹೊಲಿದಂತೆ.

ಎರಡನೆಯದು, ಹೊಸ ಟೆಂಡರಿನಲ್ಲಿ 11 ತಿಂಗಳು ಎಂದು ಬರೆಯಬೇಡಿ. ನಿಜವಾದ ಅವಧಿ ಬರೆದು ದರ ಹೊಂದಾಣಿಕೆಯ ಕಲಮು ಸೇರಿಸಿ. ಇದಕ್ಕೆ ಬರಬಹುದಾದ ಆಕ್ಷೇಪಣೆ ನನಗೆ ಗೊತ್ತು. ಏರಿಕೆಗೆಂದು ದೊಡ್ಡ ಮೊತ್ತ ತೋರಿಸಿದರೆ ಗುತ್ತಿಗೆದಾರರು ಅಷ್ಟಕ್ಕೂ ಬಾಯಿ ಹಾಕುತ್ತಾರೆ, ಎಂಜಿನಿಯರ್‌ಗಳು ಅದನ್ನು ಬೇರೆ ಕೆಲಸಕ್ಕೆ ಬಳಸುತ್ತಾರೆ. ಹೆದರಿಕೆ ಸುಳ್ಳಲ್ಲ, ಎರಡನ್ನೂ ಕಣ್ಣಾರೆ ಕಂಡಿದ್ದೇನೆ. ಆದರೆ ಅದಕ್ಕೆ ಪರಿಹಾರ ಮೊತ್ತವನ್ನು ಚಿಕ್ಕದು ಮಾಡುವುದಲ್ಲ. ಅದನ್ನು ಟೆಂಡರಿಗೆ ಇಡುವ ಮೊತ್ತದಿಂದ ಹೊರಗೆ ಪ್ರತ್ಯೇಕ ಬಾಬ್ತಾಗಿ ಇಡಬೇಕು. ಸೂಚ್ಯಂಕದ ಲೆಕ್ಕ ಲಗತ್ತಿಸಿದ ಬಿಲ್ಲಿಗೆ ಹೊರತು ಬೇರೆ ಯಾವುದಕ್ಕೂ ಅದರಿಂದ ಹಣ ಹೊರಬರಬಾರದು, ಉಳಿದದ್ದು ಖಜಾನೆಗೆ ಮರಳಬೇಕು. ಬಂಡೆ ಆಳದಲ್ಲಿ ಸಿಕ್ಕಿತು ಎನ್ನುವಂಥ ಅನಿರೀಕ್ಷಿತಗಳಿಗೆ ಸಾದಿಲ್ವಾರು ಬಾಬ್ತು ಬೇರೆ ಇದ್ದೇ ಇದೆ. ಅದನ್ನೂ ಇದನ್ನೂ ಬೆರೆಸಬಾರದು.

ಮೂರನೆಯದು ಚಿಕ್ಕದು. ತಮ್ಮ ವ್ಯಾಪ್ತಿಯ ಪ್ರತಿ ಅಂದಾಜಿನ ಮೊದಲ ಪುಟದಲ್ಲಿ ದರಪಟ್ಟಿಯ ವರ್ಷವನ್ನೂ, ಇಂಥ ತಿಂಗಳೊಳಗೆ ಕಾರ್ಯಾದೇಶ ಹೋಗದಿದ್ದರೆ ಒಂದು ಹಂಗಾಮು ತಪ್ಪಿ ಇಷ್ಟು ಲಕ್ಷ ಏರುತ್ತದೆ ಎಂಬ ಒಂದು ಸಾಲನ್ನೂ ಬರೆಯಲು ಆದೇಶಿಸಿ. ಕಡತ ಯಾರ ಮೇಜಿನಲ್ಲಿ ಎಷ್ಟು ದಿನ ಇತ್ತು ಎಂಬುದು ಹೇಗೂ ದಾಖಲಾಗುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡುವ ಕೆಲಸವನ್ನು ನಮ್ಮಂಥ ಕೆಲಸವಿಲ್ಲದ ನಿವೃತ್ತರು ಮಾಡುತ್ತೇವೆ.

ನಾನು ಹಾಕಿದ ಲೆಕ್ಕದ ಹಾಳೆಗಳನ್ನು ತಮ್ಮ ಕಚೇರಿಯ ಟಪಾಲಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಅದರಲ್ಲಿ ತಪ್ಪಿದ್ದರೆ ತಿದ್ದಿ ಕಳುಹಿಸಿ, ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ. ತಪ್ಪಿಲ್ಲದಿದ್ದರೆ ಸೆಪ್ಟೆಂಬರ್ ಕೊನೆಯೊಳಗೆ ಟೆಂಡರ್ ಕರೆಯಬೇಕು ಎಂಬುದನ್ನು ಗಮನಿಸಿ. ಆಗ ಮಾತ್ರ ಹಳ್ಳದ ನೀರು ಇಳಿದ ಮೇಲೆ, ಊರಿನಲ್ಲಿ ಅಡಿಕೆಯ ಕೊನೆಕೊಯ್ಲು ಶುರುವಾಗುವ ಹೊತ್ತಿಗೆ, ಯಾರಾದರೂ ಬಂದು ಆ ಸರಳುಗಳ ತುಕ್ಕು ಉಜ್ಜಲು ಸಾಧ್ಯ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಸಹಾಯಕ ಎಂಜಿನಿಯರ್ ಮತ್ತು ಅಡಿಕೆ ಬೆಳೆಗಾರ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ